ಕೆಮ್ಮಣ್ಣಿನ ಕೃಷಿ ಹೊಂಡ: ಬೇಕಾದ ದಿನ ಉಳಿಯುವ ನೀರೆಷ್ಟು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆಯ ಹೊಲಗಳು ಬಡಾವಣೆಗಳಾಗಿ ಬಹಳ ಕಾಲವಾಯಿತು. ಆದರೆ ಕೆಂಗೇರಿ ದಾಟಿ ತಾವರೆಕೆರೆಯ ದಿಕ್ಕಿಗೆ ಹೋದರೆ ಮಳೆಯನ್ನೇ ನಂಬಿದ ರಾಗಿಯ ಹೊಲಗಳು ಈಗಲೂ ಉಂಟು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 900 ಮಿ.ಮೀ.ಗಿಂತ ಹೆಚ್ಚು. ರಾಗಿಗೆ ಇದು ಕಡಿಮೆಯೇನಲ್ಲ. ತೊಂದರೆ ಇರುವುದು ಅದರ ಹಂಚಿಕೆಯಲ್ಲಿ. ಜುಲೈ ಕೊನೆಯಲ್ಲಿ ಬಿತ್ತಿದ ಜಿ.ಪಿ.ಯು.-28 ತಳಿಯ ರಾಗಿ ಅಕ್ಟೋಬರಿನ ಆರಂಭದ ಹೊತ್ತಿಗೆ ತೆನೆ ಬಿಡುತ್ತದೆ. ಅದಕ್ಕೆ ಮೊದಲು ಎರಡು ಒಳ್ಳೆಯ ಹದ ಮಳೆ ಬಿದ್ದು, ಅನಂತರ 20 ದಿನ ಹನಿಯೂ ಬೀಳದಿದ್ದರೆ ತೆನೆ ಅರ್ಧ ಜೊಳ್ಳು. ಆ ಒಂದು ಸಮಯದಲ್ಲಿ 5 ಸೆಂ.ಮೀ. ನೀರು ಕೊಡಲು ಸಾಧ್ಯವಾದರೆ ಬೆಳೆ ಉಳಿಯುತ್ತದೆ. ಕೃಷಿ ಹೊಂಡದ ಕೆಲಸ ಇಷ್ಟೇ.

ಹೊಂಡದ ವಿನ್ಯಾಸವೆಂದರೆ ಹರಿದು ಬರುವ ನೀರಿಗೆ ತಕ್ಕ ಗುಂಡಿ ತೋಡುವುದು ಎಂದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಭಾವಿಸುತ್ತಾರೆ. ಅದು ಅರ್ಧ ಲೆಕ್ಕ ಮಾತ್ರ. ತುಂಬಿದ ದಿನ ಹೊಂಡದಲ್ಲಿ ಎಷ್ಟಿತ್ತು ಎಂಬುದಕ್ಕಿಂತ, ಪೈರು ಬಾಡುವ ದಿನ ಎಷ್ಟು ಉಳಿದಿತ್ತು ಎಂಬುದೇ ಮುಖ್ಯ. ಒಂದು ಉದಾಹರಣೆಯಿಂದ ಇದನ್ನು ನೋಡಬಹುದು.

ಇಳಿಜಾರಿನ ಒಂದು ಹೆಕ್ಟೇರ್ ಕೆಂಪು ಮರಳುಮಿಶ್ರಿತ ಗೋಡು ಮಣ್ಣಿನ ಹೊಲವಿದೆ ಎಂದಿಟ್ಟುಕೊಳ್ಳೋಣ. ಒಂದು ಹೆಕ್ಟೇರಿನ ಮೇಲೆ ಒಂದು ಮಿ.ಮೀ. ನೀರೆಂದರೆ 10 ಘನ ಮೀಟರ್. ಕೆಂಪು ಮಣ್ಣು ದಪ್ಪ ಹನಿಗಳ ಹೊಡೆತಕ್ಕೆ ಮೇಲ್ಗಡೆ ಹೆಪ್ಪುಗಟ್ಟುವುದರಿಂದ, ಉತ್ತ ಹೊಲದಿಂದಲೂ ಬಿರುಸು ಮಳೆಯ ನೀರು ಹರಿಯುತ್ತದೆ. 50 ಮಿ.ಮೀ.ನ ಒಂದು ಬಿರುಸು ಮಳೆಯಲ್ಲಿ ಐದನೆಯ ಒಂದು ಪಾಲು ಹರಿದು ಬಂದರೂ 100 ಘನ ಮೀಟರ್ ನೀರು ಸಿಕ್ಕಿತು. ಅಂಥ ಎರಡು ಮೂರು ಮಳೆಗೆ 250 ಘನ ಮೀಟರಿನ ಹೊಂಡ ತುಂಬುತ್ತದೆ. ಜಿನುಗು ಮಳೆ ತಿಂಗಳೆಲ್ಲ ಸುರಿದರೂ ಹೊಂಡಕ್ಕೆ ಬರುವುದು ಅತ್ಯಲ್ಪ. ಆದ್ದರಿಂದ ತಿಂಗಳ ಒಟ್ಟು ಮಳೆಯನ್ನು ನೋಡಿ ಲೆಕ್ಕ ಹಾಕಬಾರದು.

ಈಗ ಹೊಂಡದ ಅಳತೆ. ಮೇಲ್ಗಡೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್. ಪಕ್ಕಗಳ ಇಳಿಜಾರು ಒಂದಕ್ಕೆ ಒಂದು ಇಟ್ಟರೆ ತಳ 6 ಮೀಟರ್ ಚೌಕ, ನಡುಭಾಗ 9 ಮೀಟರ್ ಚೌಕವಾಗುತ್ತದೆ. ಮೇಲಿನ ವಿಸ್ತೀರ್ಣ 144, ನಡುವಿನ ವಿಸ್ತೀರ್ಣ 81ರ ನಾಲ್ಕರಷ್ಟು, ಅಂದರೆ 324, ತಳದ ವಿಸ್ತೀರ್ಣ 36. ಈ ಮೂರನ್ನೂ ಕೂಡಿ ಆರರಿಂದ ಭಾಗಿಸಿ ಆಳದಿಂದ ಗುಣಿಸಿದರೆ 252 ಘನ ಮೀಟರ್. ಮಣ್ಣು ಸಡಿಲವಾಗಿದ್ದರೆ ಇಳಿಜಾರನ್ನು ಒಂದಕ್ಕೆ ಒಂದೂವರೆಯಷ್ಟು ಹರವಾಗಿಸಬೇಕು. ಆಗ ಅದೇ ಬಾಯಿಗೆ ನೀರು ಕಡಿಮೆ ಹಿಡಿಯುತ್ತದೆ.

ಈ ಹೊಂಡ ಸೆಪ್ಟೆಂಬರ್ ನಡುವಿನಲ್ಲಿ ತುಂಬಿತು, ಮಳೆ ನಿಂತಿತು. ತಳಕ್ಕಾಗಲಿ ಪಕ್ಕಗಳಿಗಾಗಲಿ ಏನೂ ಹೊದಿಸಿಲ್ಲ. ಇಂಗುವುದೂ ಆವಿಯಾಗುವುದೂ ಸೇರಿ ದಿನಕ್ಕೆ 5 ಸೆಂ.ಮೀ. ನೀರು ಇಳಿಯುತ್ತದೆ ಎಂದುಕೊಂಡರೆ, 20 ದಿನಕ್ಕೆ ಒಂದು ಮೀಟರ್. ಮೂರರಲ್ಲಿ ಒಂದು ಮೀಟರ್ ತಾನೇ ಹೋದದ್ದು ಎನ್ನಿಸಬಹುದು. ಆದರೆ ಹೊಂಡದ ಬಾಯಿ ಅಗಲ, ತಳ ಕಿರಿದು. ಉಳಿದ 2 ಮೀಟರಿನಲ್ಲಿರುವ ನೀರು ಸುಮಾರು 131 ಘನ ಮೀಟರ್ ಮಾತ್ರ. ಮೇಲಿನ ಒಂದು ಮೀಟರಿನೊಡನೆ ಹೆಚ್ಚುಕಡಿಮೆ ಅರ್ಧ ನೀರು ಹೋಗಿರುತ್ತದೆ. ತಳದ 30 ಸೆಂ.ಮೀ. ಕೆಸರು ನೀರು ಪಂಪಿಗೆ ಸಿಗುವುದಿಲ್ಲ. ಅದರ 12 ಘನ ಮೀಟರನ್ನು ಕಳೆದರೆ ಕೈಗೆ ಬರುವುದು 119. ಪೈಪಿನಲ್ಲಿ ಸೋರದಂತೆ ಸಾಗಿಸಿ 5 ಸೆಂ.ಮೀ. ಕೊಟ್ಟರೆ 23 ಗುಂಟೆಗೆ ಸಾಲುತ್ತದೆ.

ಅದೇ ಹೊಂಡಕ್ಕೆ ಹಾಳೆ ಹೊದಿಸಿ ಇಂಗುವಿಕೆಯನ್ನು ತಡೆದರೆ, ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾಗುವುದಷ್ಟೇ ನಷ್ಟ. 20 ದಿನಕ್ಕೆ 10 ಸೆಂ.ಮೀ., ಅಂದರೆ 14 ಘನ ಮೀಟರ್. ಉಪಯೋಗಕ್ಕೆ ಉಳಿಯುವುದು 226 ಘನ ಮೀಟರ್; ಒಂದು ಎಕರೆಗೆ ಕೊಟ್ಟು ಮೇಲೆ ನಾಲ್ಕು ಗುಂಟೆಗೂ ಆಯಿತು. ತೋಡಿದ ಮಣ್ಣು ಒಂದೇ, ಬಿದ್ದ ಮಳೆ ಒಂದೇ. ನೀರುಂಡ ಹೊಲ ಮಾತ್ರ ಹೆಚ್ಚುಕಡಿಮೆ ಎರಡರಷ್ಟು.

ಇಂಗುವಿಕೆಯನ್ನು ತಿಳಿಯುವ ಬಗೆ

ದಿನಕ್ಕೆ 5 ಸೆಂ.ಮೀ. ಎಂಬುದು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿ. ಒಂದೇ ಸರ್ವೆ ನಂಬರಿನ ಎರಡು ಮೂಲೆಗಳಲ್ಲಿ ಇದು ಬೇರೆಬೇರೆಯಾಗಿರಬಹುದು. ಅಗೆಯುವಾಗ ಕಲ್ಲು ಬೆರೆತ ಗರಸು ಪದರ ಸಿಕ್ಕಿದರೆ ಸೋರಿಕೆ ಹೆಚ್ಚೆಂದೇ ತಿಳಿಯಬೇಕು. ಆಗಲೇ ಹೊಂಡವಿದ್ದರೆ ಪರೀಕ್ಷೆ ಸುಲಭ. ಅಳತೆ ಗುರುತು ಮಾಡಿದ ಗೂಟವೊಂದನ್ನು ನೀರಿನಲ್ಲಿ ನೆಟ್ಟು, ಮಳೆಯಿಲ್ಲದ ದಿನ ಸಂಜೆಯೂ ಮರುದಿನ ಬೆಳಗ್ಗೆಯೂ ಮಟ್ಟವನ್ನು ಓದಬೇಕು. ರಾತ್ರಿ ಆವಿಯಾಗುವುದು ಬಹಳ ಕಡಿಮೆಯಾದ್ದರಿಂದ, ಇಳಿದಿರುವುದೆಲ್ಲ ಬಹುಮಟ್ಟಿಗೆ ಇಂಗಿದ ನೀರೇ. ಹೊಂಡ ಅರ್ಧಕ್ಕಿಂತ ಹೆಚ್ಚು ತುಂಬಿದ್ದಾಗಲೇ ಇದನ್ನು ಮಾಡಬೇಕು. ನೀರಿನ ಒತ್ತಡ ಕಡಿಮೆಯಾದಂತೆ ಇಂಗುವುದೂ ತಗ್ಗುತ್ತದೆ.

ಸೋರಿಕೆ ತಡೆಯಲು ಆರು ಪಾಲು ಜರಡಿ ಹಿಡಿದ ಮಣ್ಣಿಗೆ ಒಂದು ಪಾಲು ಸಿಮೆಂಟು ಕಲಸಿ 5 ಸೆಂ.ಮೀ. ದಪ್ಪಕ್ಕೆ ಬಳಿಯುವುದು ಒಂದು ಕ್ರಮ. ಹದವಾಗಿ ನೀರುಣಿಸದಿದ್ದರೆ ಇದು ಬೇಗ ಬಿರುಕು ಬಿಡುತ್ತದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಬಳಿಕ ಪಾಲಿಥೀನ್ ಹಾಳೆ ಹೆಚ್ಚು ಬಳಕೆಗೆ ಬಂದಿತು. ಹಾಳೆ ಹಾಸುವ ಮುನ್ನ ಬೇರು, ಕಲ್ಲುಚೂರುಗಳನ್ನು ಆರಿಸಿ ತೆಗೆದು, ತಳವನ್ನು ದಿಮ್ಮಿಸಿ, ಅಂಚನ್ನು ಸುತ್ತಲಿನ ಕಾಲುವೆಯಲ್ಲಿ ಹೂಳಬೇಕು. ಹಾಳೆ ಹರಿದಿದ್ದರೆ ಗೂಟವೇ ಹೇಳುತ್ತದೆ: ಮಟ್ಟ ಕೆಲವು ದಿನ ಬೇಗಬೇಗ ಇಳಿದು ಒಂದೆಡೆ ನಿಂತುಬಿಡುತ್ತದೆ. ನಿಂತ ಮಟ್ಟದಲ್ಲೇ ಸುತ್ತ ಹುಡುಕಿದರೆ ತೂತು ಸಿಗುತ್ತದೆ.

ಎಲ್ಲರೂ ಹಾಳೆ ಹಾಸಲೇಬೇಕೆಂದಿಲ್ಲ. ಹೊಂಡದ ಕೆಳಗಡೆ ತಮ್ಮದೇ ತೆರೆದ ಬಾವಿಯಿದ್ದರೆ ಇಂಗಿದ ನೀರಿನಲ್ಲಿ ಒಂದು ಪಾಲು ಅಲ್ಲಿ ದೊರೆಯಬಹುದು. ಬಾವಿಯಿಲ್ಲದವರಿಗೆ ಆ ಸಮಾಧಾನವಿಲ್ಲ.

ಜಾಗ ಮತ್ತು ಒಳಹರಿವು

ಹೊಲದ ತೀರ ತಗ್ಗಿನ ಮೂಲೆಗೆ ಹೊಂಡವನ್ನು ತಳ್ಳುವುದು ರೂಢಿ. ಅಲ್ಲಿ ನೀರೇನೋ ಚೆನ್ನಾಗಿ ಕೂಡುತ್ತದೆ, ಆದರೆ ಎಲ್ಲವನ್ನೂ ಮೇಲಕ್ಕೆತ್ತಬೇಕು. ಇಳಿಜಾರಿನ ಕೆಳಗಿನ ಮೂರನೆಯ ಒಂದು ಭಾಗದ ಆರಂಭದಲ್ಲಿ ತೋಡಿದರೆ ಮೇಲಿನ ಹೊಲದ ನೀರು ಬಂದು ಸೇರುತ್ತದೆ, ಕೆಳಗಿನ ಹೊಲಕ್ಕೆ ಕೊಡಲು ಶ್ರಮ ಕಡಿಮೆ. ನೀರು ಹುಲ್ಲು ಬೆಳೆಸಿದ ಕಾಲುವೆಯಲ್ಲಿ ಬಂದು, ಮೊದಲು ಹೂಳು ಗುಂಡಿಯಲ್ಲಿ ನಿಂತು, ಕಲ್ಲು ಕಟ್ಟಿದ ಬಾಯಿಯಿಂದ ಒಳಗಿಳಿಯಬೇಕು. ಹೂಳು ಗುಂಡಿಯನ್ನು ಪ್ರತಿ ದೊಡ್ಡ ಮಳೆಯ ನಂತರ ತೆಗೆಯದಿದ್ದರೆ ಆ ಹೂಳೆಲ್ಲ ಹೊಂಡದ ಪಾಲು. ತುಂಬಿದ ಮೇಲೆ ಹೆಚ್ಚಾದ ನೀರು ಹೋಗಲು ಕೋಡಿ ಏರಿಯ ಮೇಲ್ಮಟ್ಟಕ್ಕಿಂತ ಒಂದಡಿಯಷ್ಟು ಕೆಳಗಿರಲಿ. ಬಡಾವಣೆಗಳ ಅಂಚಿನ ಹೊಲಗಳಲ್ಲಿ ರಸ್ತೆಯ ಚರಂಡಿ ನೀರನ್ನು ಹೊಂಡಕ್ಕೆ ತಿರುಗಿಸುವ ಆಸೆ ಹುಟ್ಟುವುದು ಸಹಜ. ವೃಷಭಾವತಿಯಲ್ಲಿ ಏನು ಹರಿಯುತ್ತಿದೆ ಎಂದು ಕೆಂಗೇರಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ನೀರು ಕೊಡುವ ದಿನವನ್ನು ಪೈರೇ ತೋರಿಸುತ್ತದೆ. ಮಧ್ಯಾಹ್ನದ ಬಿಸಿಲಿಗೆ ಸುರುಳಿಗೊಂಡ ರಾಗಿಯ ಗರಿ ಬೆಳಗ್ಗೆ ಬಿಚ್ಚಿಕೊಂಡಿದ್ದರೆ ಇನ್ನೂ ತಡೆಯಬಹುದು. ಬೆಳಗ್ಗೆಯೂ ಸುರುಳಿಯಾಗಿಯೇ ಇದ್ದರೆ ಅಂದೇ ಪಂಪು ಹೂಡಬೇಕು. ನಾಳೆ ಮಳೆ ಬಂದೀತೆಂದು ನೀರನ್ನು ಕಾಪಾಡುತ್ತ ಕುಳಿತರೆ ತೆನೆಗೆ ಆದ ನಷ್ಟ ಮತ್ತೆ ತುಂಬುವುದಿಲ್ಲ. ನೀರು ಸಾಲದಿದ್ದಾಗ ಇಡೀ ಎಕರೆಗೆ ತೆಳುವಾಗಿ ಚಿಮುಕಿಸುವ ಬದಲು ಅರ್ಧ ಎಕರೆಯನ್ನು ಪೂರ್ತಿ ತೋಯಿಸುವುದು ಲೇಸು.

ಹಾಳೆ ಹೊದಿಸಿದ ಹೊಂಡದ ಪಕ್ಕ ಪಾಚಿ ಕಟ್ಟಿದರೆ ಬಹಳ ಜಾರುತ್ತದೆ. ಈಜು ಬಲ್ಲವರೂ ಹತ್ತಿ ಬರಲಾರರು. ನೀರು ತುಂಬುವ ಮೊದಲೇ ಸುತ್ತ ಬೇಲಿ ಹಾಕಿ, ಗಂಟು ಹಾಕಿದ ಹಗ್ಗಗಳನ್ನು ಎರಡು ಕಡೆ ತಳದವರೆಗೆ ಇಳಿಬಿಟ್ಟು, ಮೇಲ್ಗಡೆ ಗಟ್ಟಿ ಗೂಟಕ್ಕೆ ಬಿಗಿದಿರಬೇಕು.