ಕೋಟಿಯ ಮನೆ, ಕೈಗೆ ಹದಿನಾಲ್ಕು ಸಾವಿರ

ಮೈಸೂರಿನ ಕುವೆಂಪುನಗರದಂಥ ಬಡಾವಣೆಗಳಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಒಂದೇ ಅಚ್ಚಿನ ಮನೆಗಳು ಕಣ್ಣಿಗೆ ಬೀಳುತ್ತವೆ. ಮುಂದೆ ಒಂದು ಸಂಪಿಗೆಯೋ ದಾಸವಾಳವೋ, ಕೆಳಗೆ ಒಂದು ದೀಪ, ಮಹಡಿಯ ಮೇಲೆ ಕತ್ತಲು. ಮಗನಿಗೆಂದು ಕಟ್ಟಿಸಿದ ಮಹಡಿ ಅದು. ಮಗ ಪುಣೆಯಲ್ಲೋ ಡಲ್ಲಾಸ್‌ನಲ್ಲೋ ಇದ್ದಾನೆ. ಕೆಳಗಿನ ದೀಪದ ಬಳಿ ಕೂತ ದಂಪತಿ ಕಾಗದದ ಮೇಲೆ ಕೋಟ್ಯಧೀಶರು, ಆದರೆ ತಿಂಗಳ ಕೊನೆಗೆ ಔಷಧಿ ಅಂಗಡಿಯ ಬಿಲ್ಲು ಬಂದಾಗ ಮುಖ ಮುಖ ನೋಡಿಕೊಳ್ಳುತ್ತಾರೆ.

ಅಂಥ ಒಂದು ಮನೆಯ ಲೆಕ್ಕ ಹಾಕಿ ನೋಡಬಹುದು. ದಂಪತಿ ಊಹೆಯವರು, ನಿಯಮಗಳು ಮಾತ್ರ ನಿಜವಾದವು. ಗಂಡನಿಗೆ 67, ಹೆಂಡತಿಗೆ 63. ಖಾಸಗಿ ಕಾರ್ಖಾನೆಯ ಕೆಲಸ. ಪಿ.ಎಫ್. ಹಣ ಮಗಳ ಮದುವೆಗೂ ಮಹಡಿಗೂ ಕರಗಿತು. ಪಿಂಚಣಿ ತಿಂಗಳಿಗೆ ಮೂರು ಸಾವಿರ. ಬೇಕಿರುವುದು ಇನ್ನು ಹದಿನೈದು–ಇಪ್ಪತ್ತು ಸಾವಿರ. ಮನೆಯ ಮಾರುಕಟ್ಟೆ ಬೆಲೆ ಒಂದು ಕೋಟಿ.

ಇಂಥವರಿಗೆ ಸಾಮಾನ್ಯವಾಗಿ ಮೊದಲು ಸಿಗುವ ಸಲಹೆ ‘ರಿವರ್ಸ್ ಮಾರ್ಟ್‌ಗೇಜ್’. ಗೃಹಸಾಲದಲ್ಲಿ ನಾವು ಬ್ಯಾಂಕಿಗೆ ಕಂತು ಕಟ್ಟುತ್ತೇವೆ, ಇದರಲ್ಲಿ ಬ್ಯಾಂಕೇ ನಮಗೆ ಕಂತು ಕೊಡುತ್ತದೆ. ಮನೆ ಅಡಮಾನದಲ್ಲಿರುತ್ತದೆ, ವಾಸ ನಮ್ಮದೇ. 2007ರ ಕೇಂದ್ರ ಬಜೆಟ್‌ನಲ್ಲಿ ಪಿ. ಚಿದಂಬರಂ ಇದನ್ನು ಪ್ರಕಟಿಸಿದರು. ರಾಷ್ಟ್ರೀಯ ವಸತಿ ಬ್ಯಾಂಕು ಮಾರ್ಗಸೂಚಿ ಬರೆಯಿತು. ಮರುವರ್ಷ, ಹೀಗೆ ಬರುವ ಹಣಕ್ಕೆ ಆದಾಯ ತೆರಿಗೆ ಇಲ್ಲವೆಂದು ಕಾನೂನೇ ಆಯಿತು. ಅದು ಸಾಲ, ಆದಾಯವಲ್ಲ ಎಂಬುದು ತರ್ಕ.

ಇಷ್ಟು ಕೇಳಿದವರ ಮನಸ್ಸಿನಲ್ಲಿ ಒಂದು ಗುಣಾಕಾರ ಶುರುವಾಗುತ್ತದೆ. ಕೋಟಿಯ ಮನೆಗೆ ಶೇ. 60ರಷ್ಟು ಸಾಲವೆಂದರೆ 60 ಲಕ್ಷ. ಹದಿನೈದು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಮೂವತ್ತಮೂರು ಸಾವಿರ! ಎಡವುವುದು ಇಲ್ಲೇ. ಆ 60 ಲಕ್ಷ ಕೈಗೆ ಬರುವ ಮೊತ್ತವಲ್ಲ. ಹದಿನೈದು ವರ್ಷ ಕೊಟ್ಟ ಕಂತುಗಳು, ಅವುಗಳ ಮೇಲೆ ಬೆಳೆದ ಬಡ್ಡಿ, ಬಡ್ಡಿಯ ಮೇಲಿನ ಬಡ್ಡಿ ಎಲ್ಲ ಸೇರಿ ಕೊನೆಗೆ ಮುಟ್ಟಬಹುದಾದ ಗಡಿ ಅದು. ಬಡ್ಡಿ ಶೇ. 10 ಎಂದಿಟ್ಟುಕೊಂಡರೆ, ಆ ಗಡಿ ದಾಟದಂತೆ ಬ್ಯಾಂಕು ಕೊಡಬಹುದಾದ ತಿಂಗಳ ಕಂತು ಸುಮಾರು 14,480 ರೂಪಾಯಿ. ಹದಿನೈದು ವರ್ಷದಲ್ಲಿ ದಂಪತಿಯ ಕೈಗೆ ಬಂದದ್ದು 26 ಲಕ್ಷ, ಉಳಿದ 34 ಲಕ್ಷ ಬಡ್ಡಿ. ಅವಧಿಯನ್ನು ಇಪ್ಪತ್ತು ವರ್ಷಕ್ಕೆ ಎಳೆದರೆ ಕಂತು 7,900ಕ್ಕೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಮುದುಡಿದರೆ 29,300ಕ್ಕೆ ಏರುತ್ತದೆ.

ಹದಿನೈದು ವರ್ಷ ಮುಗಿದ ಮೇಲೆ? ಕಂತು ನಿಲ್ಲುತ್ತದೆ. ಆಗ ಯಜಮಾನರಿಗೆ 82, ಅವರ ಪತ್ನಿಗೆ 78. ಮನೆಯಿಂದ ಯಾರೂ ಹೊರಗೆ ಹಾಕುವುದಿಲ್ಲ, ಇಬ್ಬರೂ ಬದುಕಿರುವವರೆಗೆ ಅಲ್ಲೇ ಇರಬಹುದು. ಆದರೆ ಸಾಲ ಸುಮ್ಮನಿರುವುದಿಲ್ಲ. 60 ಲಕ್ಷಕ್ಕೆ ತಿಂಗಳಿಗೆ 50,000 ಬಡ್ಡಿ ಸೇರುತ್ತಾ ಇನ್ನೈದು ವರ್ಷದಲ್ಲಿ 98 ಲಕ್ಷ ದಾಟುತ್ತದೆ. ಅಷ್ಟರಲ್ಲಿ ಮನೆಯ ಬೆಲೆ ಏರದೇ ಹೋದರೂ ಮಕ್ಕಳ ತಲೆಗೆ ಹೊರೆ ಬರುವುದಿಲ್ಲ. ಮನೆ ಮಾರಿ ಬಂದದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವ ಹಕ್ಕು ಬ್ಯಾಂಕಿಗಿಲ್ಲ. ಬೆಲೆ ಏರಿದ್ದರೆ ಸಾಲ ಕಳೆದು ಮಿಕ್ಕದ್ದು ವಾರಸುದಾರರದು. ಸಾಲ ತೀರಿಸಿ ಮನೆ ಉಳಿಸಿಕೊಳ್ಳುವ ಮೊದಲ ಅವಕಾಶವೂ ಅವರದೇ.

ಯೋಜನೆ ಮೋಸದ್ದಲ್ಲ. ಆದರೆ ಅದರ ಷರತ್ತುಗಳು ನಮ್ಮ ಮನೆಗಳ ಸ್ವಭಾವಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಮನೆ ಸ್ವಯಾರ್ಜಿತವಾಗಿರಬೇಕು. ತಾತನ ಕಾಲದಿಂದ ಬಂದ, ಅಣ್ಣತಮ್ಮಂದಿರ ಪಾಲು ಇತ್ಯರ್ಥವಾಗದ ಮನೆಗೆ ಸಾಲವಿಲ್ಲ. ಬೆಂಗಳೂರಿನಲ್ಲಿ ‘ಬಿ ಖಾತಾ’ ಎಂದ ಕೂಡಲೇ ಹೆಚ್ಚಿನ ಬ್ಯಾಂಕುಗಳಲ್ಲಿ ಮಾತು ಮುಗಿಯುತ್ತದೆ. ಕ್ರಯಪತ್ರ, ಖಾತೆ, ಇ.ಸಿ., ಮಂಜೂರಾದ ನಕ್ಷೆ ಎಲ್ಲವೂ ಒಂದಕ್ಕೊಂದು ತಾಳೆಯಾಗಬೇಕು. ಮಗನಿಗೆಂದು ಎಬ್ಬಿಸಿದ ಮಹಡಿ ನಕ್ಷೆಯಲ್ಲಿ ಇಲ್ಲದಿದ್ದರೆ ಅಲ್ಲೇ ತೊಡಕು. ಮನೆಗೆ ಇನ್ನೂ ಇಪ್ಪತ್ತು ವರ್ಷವಾದರೂ ಆಯಸ್ಸು ಇರಬೇಕು. ಕಂದಾಯ, ವಿಮೆ, ರಿಪೇರಿ ಎಲ್ಲ ಮಾಲೀಕರ ಕೈಯಿಂದಲೇ, ತಪ್ಪಿದರೆ ಸಾಲ ವಾಪಸು ಕೇಳಬಹುದು.

ಎರಡು ಷರತ್ತುಗಳನ್ನು ಜನ ಓದುವುದೇ ಇಲ್ಲ. ಸತತ ಒಂದು ವರ್ಷ ಮನೆಯಲ್ಲಿ ಇರದಿದ್ದರೆ ಕಾಯಂ ಬಿಟ್ಟುಹೋದಂತೆ ಎಂದು ಲೆಕ್ಕ. ಅಮೆರಿಕದಲ್ಲಿ ಮೊಮ್ಮಗುವಿನ ಬಾಣಂತನ, ನಾಮಕರಣ, ಹುಟ್ಟುಹಬ್ಬ ಎಂದು ಉಳಿದುಬಿಡುವ ಅಜ್ಜ ಅಜ್ಜಿಯರಿಗೆ ಇದು ತಮಾಷೆಯ ಮಾತಲ್ಲ. ಇನ್ನೊಂದು, ಹೆಂಡತಿಯನ್ನು ಸಹಸಾಲಗಾರಳಾಗಿ ಸೇರಿಸುವುದು. ಸಾಲ ವಸೂಲಿಗೆ ಬರುವುದು ಕೊನೆಯ ಸಾಲಗಾರರು ತೀರಿಕೊಂಡ ಮೇಲೆ. ಕಾಗದದಲ್ಲಿ ಗಂಡನ ಹೆಸರೊಂದೇ ಇದ್ದರೆ ಅವರು ಹೋದ ದಿನವೇ ಆ ‘ಕೊನೆ’ ಬಂದಂತೆ. ಹೆಂಡತಿಗೆ ಆ ಸೂರಿನ ಭರವಸೆ ಉಳಿಯುವುದಿಲ್ಲ. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಮೂರು ದಿನ ಕೊಡಬೇಕೆಂಬ ನಿಯಮವಿದೆ. ಆ ಮೂರು ದಿನವನ್ನು ಕಾಗದ ಓದಲು ಬಳಸಿದರೂ ಲಾಭವೇ.

ಈಗ ಎರಡನೆಯ ದಾರಿ: ದೊಡ್ಡ ಮನೆ ಮಾರಿ ಚಿಕ್ಕದಕ್ಕೆ ಹೋಗುವುದು. ಅದೇ ಊರಿನಲ್ಲಿ 55 ಲಕ್ಷದ ಎರಡು ಕೋಣೆಯ ಫ್ಲ್ಯಾಟು. ಕೋಟಿಯಲ್ಲಿ 55 ಕಳೆದರೆ 45 ಮಿಗಬೇಕಲ್ಲವೇ? ಮಿಗುವುದಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕವೂ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು ಸುಮಾರು 4.2 ಲಕ್ಷ. ಮಾರುವಾಗಲೂ ಕೊಳ್ಳುವಾಗಲೂ ಬ್ರೋಕರಿಗೆ ತಲಾ ಶೇ. 1ರಂತೆ ಒಂದೂವರೆ ಲಕ್ಷ. ಸಾಗಣೆ, ಬಣ್ಣ, ಬಚ್ಚಲಿನ ಹಿಡಿಕೆ ಇತ್ಯಾದಿಗೆ ಎರಡು ಲಕ್ಷ.

ಇನ್ನು ತೆರಿಗೆ. ಮನೆ ಹಳೆಯದಾದ್ದರಿಂದ 2001ರ ಏಪ್ರಿಲ್ 1ರಂದು ಅದರ ಬೆಲೆ ಎಷ್ಟಿತ್ತೋ ಅದನ್ನೇ ಅಸಲೆಂದು ಹಿಡಿಯಬಹುದು, 8 ಲಕ್ಷ ಎನ್ನಿ. ಹಣದುಬ್ಬರದ ಸೂಚ್ಯಂಕ ಸೇರಿಸಿದರೆ ಅದು ಸುಮಾರು 30 ಲಕ್ಷವಾಗುತ್ತದೆ. ದಲ್ಲಾಳಿ ಖರ್ಚನ್ನೂ ಕಳೆದರೆ ಲಾಭ 69 ಲಕ್ಷ. ಅದರಲ್ಲಿ ಹೊಸ ಮನೆಗೆ ಹಾಕಿದ ಸುಮಾರು 59 ಲಕ್ಷಕ್ಕೆ ವಿನಾಯಿತಿ. ಉಳಿದ ಹತ್ತು ಲಕ್ಷಕ್ಕೆ ಶೇ. 20, ಅಂದರೆ ಎರಡು ಲಕ್ಷ. 2024ರ ಜುಲೈನಲ್ಲಿ ಸೂಚ್ಯಂಕವಿಲ್ಲದ ಶೇ. 12.5ರ ಹೊಸ ದರ ಬಂತು. ಅದಕ್ಕೂ ಮುಂಚೆ ಕೊಂಡ ಮನೆಯಾದರೆ ಹಳೆಯ, ಹೊಸ ಲೆಕ್ಕಗಳಲ್ಲಿ ಯಾವುದು ಕಡಿಮೆಯೋ ಅಷ್ಟೇ ತೆರಿಗೆ. ಇಲ್ಲಿ ಹಳೆಯದೇ ಕಡಿಮೆ. 2001ರ ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ತೆಗೆದಿಟ್ಟುಕೊಳ್ಳುವುದು ಕ್ಷೇಮ.

ಎಲ್ಲ ಕಳೆದು ಕೈಯಲ್ಲಿ ಉಳಿದದ್ದು 35 ಲಕ್ಷ. ಇದರಲ್ಲಿ 30 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು. 2023ರ ಏಪ್ರಿಲ್‌ನಿಂದ ಒಬ್ಬರಿಗೆ ಅಷ್ಟೇ ಗರಿಷ್ಠ ಮಿತಿ. ಆಗ ನಿಗದಿಯಾದ ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ. ಉಳಿದ ಐದು ಲಕ್ಷ ಆಸ್ಪತ್ರೆಯ ಆಪತ್ತಿಗೆಂದು ಬ್ಯಾಂಕಿನಲ್ಲಿ. ಫ್ಲ್ಯಾಟಿನ ಮೆಂಟೆನೆನ್ಸ್ ಎಂದು ತಿಂಗಳಿಗೆ ಮೂರು ಸಾವಿರ ಹೋದರೂ 17,500 ಉಳಿಯಿತು. ರಿವರ್ಸ್ ಮಾರ್ಟ್‌ಗೇಜ್ ಕೊಡುವುದಕ್ಕಿಂತ ಮೂರು ಸಾವಿರ ಹೆಚ್ಚು. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ: 35 ಲಕ್ಷದ ಅಸಲು ಹಾಗೇ ಇದೆ, ಫ್ಲ್ಯಾಟೂ ಸ್ವಂತದ್ದು, ಸಾಲ ಬೆಳೆಯುತ್ತಿಲ್ಲ.

ಈ ದಾರಿಯ ಕೊರತೆ ಬೇರೆ ರೀತಿಯದು. ಬಡ್ಡಿ ಇವತ್ತಿಗೂ 20,500, ಐದನೆಯ ವರ್ಷಕ್ಕೂ 20,500, ಸೊಪ್ಪಿನ ಬೆಲೆ ಮಾತ್ರ ಹಾಗೇ ನಿಲ್ಲುವುದಿಲ್ಲ. ಐದು ವರ್ಷದ ಅವಧಿ ಮುಗಿದಾಗ ದರ ಎಷ್ಟಿರುತ್ತದೋ ಆಗಿನ ಸರ್ಕಾರಕ್ಕೆ ಬಿಟ್ಟದ್ದು. ಕಟ್ಟುತ್ತಿರುವ ಫ್ಲ್ಯಾಟಿಗೆ ಮುಂಗಡ ಕೊಟ್ಟರೆ ಬಿಲ್ಡರ್ ತಡಮಾಡಿದಷ್ಟೂ ಬಾಡಿಗೆ ಮನೆಯ ಖರ್ಚು, ಜೊತೆಗೆ ಜಿ.ಎಸ್.ಟಿ. ವಯಸ್ಸಾದವರು ಒ.ಸಿ. ಸಿಕ್ಕ, ಕಣ್ಣಾರೆ ನೋಡಿದ, ಲಿಫ್ಟ್ ಓಡುತ್ತಿರುವ ಫ್ಲ್ಯಾಟನ್ನೇ ಕೊಳ್ಳಬೇಕು. ಮತ್ತೆ, ಮೂವತ್ತು ವರ್ಷ ಹಾಲು ಹಾಕಿದವನು, ಎದುರು ಮನೆಯವರು, ದೇವಸ್ಥಾನದ ದಾರಿ ಇವನ್ನೆಲ್ಲ ಯಾವ ಕಾಲಂನಲ್ಲಿ ಬರೆಯುವುದೆಂದು ಲೆಕ್ಕಪರಿಶೋಧಕರಿಗೂ ತಿಳಿಯದು.

ಇಷ್ಟಾದರೂ ಕತ್ತಲೆಯ ಮಹಡಿ ಹಾಗೇ ಉಳಿಯಿತು. ಅದಕ್ಕೆ ಪ್ರತ್ಯೇಕ ಮೀಟರು, ಹೊರಗಿನಿಂದ ಮೆಟ್ಟಿಲು, ಸುಣ್ಣಬಣ್ಣ ಎಂದು ಎರಡು ಮೂರು ಲಕ್ಷ ಸುರಿದು, ಹನ್ನೊಂದು ತಿಂಗಳ ಕರಾರು ಮಾಡಿ ಹತ್ತು ಸಾವಿರಕ್ಕೆ ಬಾಡಿಗೆಗೆ ಕೊಟ್ಟರೆ? ದಂಪತಿಗೆ ಬೇಕಾದ ಮೊತ್ತದ ಅರ್ಧಕ್ಕಿಂತ ಹೆಚ್ಚು ಅಲ್ಲೇ ಬಂತು. ಮೂರು ದಾರಿಗಳಲ್ಲಿ ಬೆಲೆಯೇರಿಕೆಯ ಜೊತೆ ತಾನೂ ಏರುವ ಆದಾಯ ಇದೊಂದೇ. ಮನೆ, ಬೀದಿ, ಹಾಲಿನವನು ಯಾವುದೂ ಬದಲಾಗುವುದಿಲ್ಲ. ಕೆಲವು ತಿಂಗಳು ಖಾಲಿ ಬಿದ್ದಿರುವುದು, ನೀರಿನ ಜಗಳ, ಎಂಬತ್ತರ ವಯಸ್ಸಿನಲ್ಲಿ ಬಾಡಿಗೆದಾರರ ಹಿಂದೆ ಓಡಾಡಲಾಗದಿರುವುದು ಇದರ ಬಾಧೆಗಳು.

ಬಾಡಿಗೆಯನ್ನೂ ಪಡೆಯುತ್ತೇವೆ, ರಿವರ್ಸ್ ಮಾರ್ಟ್‌ಗೇಜನ್ನೂ ತೆಗೆದುಕೊಳ್ಳುತ್ತೇವೆ ಎನ್ನುವವರು ತಡೆಯಬೇಕು. ಅಡವಿಟ್ಟ ಮನೆಯನ್ನು ಪೂರ್ತಿಯಾಗಲಿ ಭಾಗಶಃವಾಗಲಿ ಬಾಡಿಗೆಗೆ ಕೊಡುವುದನ್ನು ವಸತಿ ಬ್ಯಾಂಕಿನ ಮಾರ್ಗಸೂಚಿ ಸಾಲ ಮುಟ್ಟುಗೋಲಿಗೆ ಕಾರಣಗಳಲ್ಲೊಂದಾಗಿ ಎಣಿಸುತ್ತದೆ. ಬ್ಯಾಂಕಿನಿಂದ ಬರವಣಿಗೆಯಲ್ಲಿ ಒಪ್ಪಿಗೆ ಇಲ್ಲದೆ ‘ಮನೆ ಬಾಡಿಗೆಗಿದೆ’ ಬೋರ್ಡು ತೂಗುಹಾಕುವಂತಿಲ್ಲ.

ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು ‘ಅವನೇ ನೋಡಿಕೊಳ್ಳುತ್ತಾನೆ’ ಎಂದುಕೊಳ್ಳುವವರೂ ಕಡಿಮೆಯಿಲ್ಲ. ನಮ್ಮಲ್ಲಿ ಬಹಳ ಹಳೆಯ ಪಿಂಚಣಿ ಯೋಜನೆ ಅದು. ಮಾಡಲೇಬೇಕೆಂದರೆ, ಪೋಷಣೆಯ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಷರತ್ತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯಲ್ಲಿ ಆ ದಾನವನ್ನು ರದ್ದು ಮಾಡಿಸಲು ಕೇಳಬಹುದು.

ಹಾಗಾದರೆ ರಿವರ್ಸ್ ಮಾರ್ಟ್‌ಗೇಜ್ ಯಾರಿಗೆ? ಅದೇ ದಂಪತಿಯನ್ನು ಹದಿಮೂರು ವರ್ಷ ಮುಂದೆ ತಳ್ಳಿ ನೋಡಿದರೆ ಉತ್ತರ ಸಿಗುತ್ತದೆ. ಅವರಿಗೆ 80, ಆಕೆಗೆ 76. ಮಹಡಿ ಹತ್ತಿ ಬಾಡಿಗೆ ಕೇಳುವ ಶಕ್ತಿಯಿಲ್ಲ, ಬಾಡಿಗೆದಾರರು ಬಿಟ್ಟುಹೋಗಿದ್ದಾರೆ, ಮನೆ ಬದಲಾಯಿಸುವ ಮಾತೇ ಇಲ್ಲ, ಮನೆಯಲ್ಲಿ ಒಬ್ಬ ಆರೈಕೆಯವಳು ಬೇಕು. ಮನೆಯ ಬೆಲೆ ಕೋಟಿಯಲ್ಲೇ ನಿಂತಿದೆ ಎಂದುಕೊಂಡರೂ, ಹತ್ತು ವರ್ಷದ ಅವಧಿಗೆ ಜಂಟಿಯಾಗಿ ಸಹಿ ಹಾಕಿದರೆ ಈಗ ಬರುವುದು ತಿಂಗಳಿಗೆ 29,300 ರೂಪಾಯಿ. ಅರವತ್ತೇಳರಲ್ಲಿ ಹದಿನೈದು ವರ್ಷಕ್ಕೆ ಸಿಗುತ್ತಿದ್ದುದರ ಎರಡರಷ್ಟು. ಅಷ್ಟರಲ್ಲಿ ಆರೈಕೆಯವಳ ಸಂಬಳವನ್ನೂ ಔಷಧಿಯನ್ನೂ ನಿಭಾಯಿಸಿ, ಕಂದಾಯಕ್ಕೂ ಒಂದಷ್ಟು ಎತ್ತಿಡಬಹುದು.