ಮಾಳಿಗೆ ಮ್ಯಾಲೆ ಟಾವರ್: ರೊಕ್ಕ ಕೇಳಿದರೆ ಮೋಸ

ಸಾಂಗ್ಲಿ: ‘ನಿಮ್ಮ ಮಾಳಿಗೆ ಉಪಗ್ರಹ ಸರ್ವೆಯಲ್ಲಿ ಆಯ್ಕೆಯಾಗಿದೆ. ಮುಂಗಡ 30 ಲಕ್ಷ, ತಿಂಗಳ ಬಾಡಿಗೆ 25 ಸಾವಿರ.’ ಸಾಂಗ್ಲಿ, ಮಿರಜದ ಯಾವುದೇ ಮನೆಗೆ ಇಂಥ ಮೆಸೇಜ್ ಬಂದರೆ ಒಂದೇ ಮಾತು ನೋಡಬೇಕು: ರೊಕ್ಕ ಯಾರ ಕೈಯಿಂದ ಯಾರ ಕೈಗೆ ಹೊಂಟದ?

ಆಟ ಸಣ್ಣದರಿಂದಲೇ ಶುರು. ನೋಂದಣಿಗೆಂದು 2,500 ರೂ. ಕಟ್ಟಿದರು ಎಂದಿಟ್ಟುಕೊಳ್ಳಿ. ಟ್ರಾಯ್ ಹೆಸರಿನ, ಮೊಹರು ಬಿದ್ದ ‘ಎನ್‌ಒಸಿ’ ವಾಟ್ಸಾಪ್‌ಗೆ ಬರುತ್ತದೆ. ಅದನ್ನು ನಂಬಿದ ಮೇಲೆ ಕರಾರು ಪತ್ರಕ್ಕೆ 15 ಸಾವಿರ, ವಿಮೆಗೆ 20 ಸಾವಿರ, ಮುಂಗಡದ ತೆರಿಗೆಗೆ 40 ಸಾವಿರ. ‘ಈಗ ಬಿಟ್ಟರೆ ಕಟ್ಟಿದ್ದೂ ಹೋಯ್ತು’ ಎಂಬ ಹೆದರಿಕೆಯಲ್ಲೇ 77,500 ರೂ. ಕೈಬಿಡುತ್ತದೆ.

ಟಾವರ್ ಜಾಗದ ಬಾಡಿಗೆಯಲ್ಲಿ ತನ್ನ ಪಾತ್ರವಿಲ್ಲ, ಇಂಥ ಎನ್‌ಒಸಿ ಕೊಡುವುದಿಲ್ಲ ಎಂದು ಟ್ರಾಯ್ ಸ್ಪಷ್ಟಪಡಿಸಿದೆ. ಖರೆ ಕಂಪನಿಯವರು ಮಾಳಿಗೆ ಹತ್ತಿ ಕಟ್ಟಡದ ಬಲ ತಪಾಸುತ್ತಾರೆ, ಪರವಾನಗಿಯನ್ನು ತಾವೇ ತರುತ್ತಾರೆ, ತೆರಿಗೆಯನ್ನು ಬಾಡಿಗೆಯಲ್ಲೇ ಮುರಿದುಕೊಳ್ಳುತ್ತಾರೆ. ಮಾಲೀಕರಿಂದ ಒಂದು ರೂಪಾಯಿಯೂ ಕೇಳುವುದಿಲ್ಲ.

ರೊಕ್ಕ ಕಟ್ಟಿಬಿಟ್ಟಿದ್ದರೆ ನಾಚಿಕೆಪಟ್ಟು ಕೂಡುವುದು ಬೇಡ. ಪಾವತಿ ವಿವರ, ಅವರ ಖಾತೆ ನಂಬರ್ ಕೈಯಲ್ಲಿಟ್ಟುಕೊಂಡು ತಕ್ಷಣ 1930ಕ್ಕೆ ಫೋನ್ ಮಾಡಬೇಕು. ವಂಚಕರು ತೆಗೆಯುವ ಮೊದಲೇ ತಿಳಿಸಿದರೆ ಖಾತೆಯಲ್ಲಿನ ರೊಕ್ಕವನ್ನು ಬ್ಯಾಂಕ್ ತಡೆಹಿಡಿಯಬಹುದು.