ಮನೆಯೊಳಗೆ ಸಿಗ್ನಲ್ ಇಲ್ವಾ? ವೈಫೈ ಕಾಲಿಂಗ್ ಹಾಕಿ ನೋಡಿ

ನಮ್ಮದು ಜಂಬಿಟ್ಟಿಗೆಯ ದಪ್ಪ ಗೋಡೆ, ಮೇಲೆ ತಗಡಿನ ಶೀಟು. ಅಂಗಳದಲ್ಲಿ ಎರಡು ಕಡ್ಡಿ ಸಿಗ್ನಲ್ ಇದ್ರೂ ಒಳಗೆ ಸೊನ್ನೆ. ಅಡಿಕೆ ದರ ಹೇಳೋಕೆ ಮಂಡಿಯವರು ಮಾಡಿದ ಫೋನೂ ಹತ್ತುತ್ತಿರಲಿಲ್ಲ. ಫೈಬರ್ ಇಂಟರ್ನೆಟ್ ಬಂದಮೇಲೆ ವೈಫೈ ಕಾಲಿಂಗ್ ಹಾಕಿಕೊಂಡೆ.

ಆಂಡ್ರಾಯ್ಡ್ ಫೋನಿನ Settings ಒಳಗೆ Wi-Fi calling ಅಂತ ಹುಡುಕಿ ಆನ್ ಮಾಡಿ. VoLTE ಕೂಡ ಆನ್ ಇರಲಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಹಾಕಬೇಕು. ಬೇರೆ ಆ್ಯಪ್ ಬೇಡ, ನಂಬರ್ ಅದೇ. ಆ ಆಯ್ಕೆಯೇ ಕಾಣದಿದ್ದರೆ ನಿಮ್ಮ ಫೋನಿಗೋ ಸಿಮ್ಮಿಗೋ ಈ ಸೌಲಭ್ಯ ಇಲ್ಲದಿರಬಹುದು.

ಆನ್ ಮಾಡಿದರೂ ಕೆಲವು ಫೋನು ಅರೆಜೀವದ ಒಂದು ಕಡ್ಡಿಯನ್ನೇ ಹಿಡಿದುಕೊಂಡು ಕೂರುತ್ತೆ, ಮಾತು ತುಂಡು ತುಂಡಾಗುತ್ತೆ. ಆಗ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ. ಸ್ವಲ್ಪ ಹೊತ್ತಿಗೆ ಮೇಲೆ VoWiFi ಅಂತಲೋ ವೈಫೈ ಕರೆಯ ಗುರುತೋ ಬರುತ್ತೆ. ಅದೇ ಸ್ಥಿತಿಯಲ್ಲಿ ಮನೆಯವರಿಂದ ಒಂದು ಎಸ್ಸೆಮ್ಮೆಸ್ ಹಾಕಿಸಿ, ವಾಟ್ಸಾಪ್ ಅಲ್ಲ. ಅದು ಬಂದರೆ ಬ್ಯಾಂಕಿನ ಒಟಿಪಿಯೂ ಒಳಗೇ ಬರೋ ಸಾಧ್ಯತೆ ಹೆಚ್ಚು. ಬಾರದಿದ್ದರೆ ಒಟಿಪಿಗೆ ಅಂಗಳವೇ ಗತಿ.

ಕರೆಂಟ್ ಹೋದರೆ ರೂಟರ್ ಆರುತ್ತೆ, ಕರೆಯೂ ಕಟ್. ಅದಕ್ಕೆ ರೂಟರಿನ ವೋಲ್ಟೇಜಿಗೆ ಹೊಂದುವ ಸಣ್ಣ ಯುಪಿಎಸ್ ಇಡಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಬೇಕು. ಒಳಗೇ ಇಟ್ಟ ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಪ್ರಯೋಜನ ಇಲ್ಲ, ಅದಕ್ಕೂ ಸಿಗ್ನಲ್ ಬೇಕಲ್ಲ! ತೋಟಕ್ಕೆ ಹೊರಡುವಾಗ ಏರೋಪ್ಲೇನ್ ಮೋಡ್ ತೆಗೆಯಿರಿ, ಇಲ್ಲಾಂದ್ರೆ ಅಲ್ಲಿ ಟವರ್ ಇದ್ರೂ ನಿಮಗೆ ಫೋನ್ ಬರಲ್ಲ.